ಅಯೋಡಿನ್ ಎಲ್ಲಿಂದ ಬಂತು?

ಲೆಡ್ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ಎರಡೂ ಬಿಳಿ ಲವಣಗಳು. ನೀರಿನಲ್ಲಿ ಕರಗಿಸಿದರೆ ಎರಡೂ ಬಣ್ಣವಿಲ್ಲದ ದ್ರಾವಣಗಳಾಗುತ್ತವೆ. ಒಂದಕ್ಕೊಂದು ಸುರಿದ ಕೂಡಲೇ ಲೆಡ್ ಅಯೋಡೈಡ್‌ನ ಕಡು ಹಳದಿ ಪ್ರಕ್ಷೇಪ ಕಾಣಿಸಿಕೊಳ್ಳುತ್ತದೆ. ಹತ್ತನೇ ತರಗತಿಯಲ್ಲಿ ಬಣ್ಣಕ್ಕಾಗಿ ನೋಡಿದ ಈ ಕ್ರಿಯೆ ಪಿಯುಸಿಗೆ ಬರುವಾಗ ಲೆಕ್ಕವಾಗಿ ಎದುರಾಗುತ್ತದೆ. ಅಂಥ ಒಂದು ಲೆಕ್ಕ ಹೀಗಿದೆ ಎನ್ನಿ: 6.62 ಗ್ರಾಂ ಲೆಡ್ ನೈಟ್ರೇಟ್ ಮತ್ತು 5.81 ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ದ್ರಾವಣಗಳನ್ನು ಬೆರೆಸಿದಾಗ 7.26 ಗ್ರಾಂ ಒಣ ಲೆಡ್ ಅಯೋಡೈಡ್ ದೊರೆಯಿತು. ಲಿಮಿಟಿಂಗ್ ರೀಏಜೆಂಟ್ ಯಾವುದು, ಶೇಕಡಾ ಇಳುವರಿ ಎಷ್ಟು?

Pb(NO₃)₂ + 2KI → PbI₂ + 2KNO₃

ಲೆಡ್ ನೈಟ್ರೇಟ್‌ನ ಮೋಲಾರ್ ರಾಶಿ 331, ಪೊಟ್ಯಾಸಿಯಂ ಅಯೋಡೈಡ್‌ನದು 166. ಭಾಗಿಸಿದರೆ ಮೊದಲನೆಯದು 0.020 ಮೋಲ್, ಎರಡನೆಯದು 0.035 ಮೋಲ್. ಇಲ್ಲಿಯವರೆಗೆ ಯಾರೂ ತಪ್ಪುವುದಿಲ್ಲ. ಮುಂದಿನ ಸಾಲಿನಲ್ಲೇ ಎಡವುವುದು. 0.020 ಕಡಿಮೆ ಇದೆ, ಆದ್ದರಿಂದ ಲೆಡ್ ನೈಟ್ರೇಟೇ ಲಿಮಿಟಿಂಗ್ ಎಂದು ಬರೆದುಬಿಡುತ್ತಾರೆ. ಹಾಗಾದರೆ 0.020 ಮೋಲ್ ಲೆಡ್ ಅಯೋಡೈಡ್ ಬರಬೇಕು. ಅದರ ಮೋಲಾರ್ ರಾಶಿ 461, ಅಂದರೆ 9.22 ಗ್ರಾಂ. ದೊರೆತ 7.26ನ್ನು ಇದರಿಂದ ಭಾಗಿಸಿದರೆ ಇಳುವರಿ ಶೇ. 78.7.

ಉತ್ತರ ನೋಡಲು ಸಹಜವಾಗಿಯೇ ಇದೆ. ನೂರಕ್ಕಿಂತ ಕಡಿಮೆ, ತೀರಾ ಕೆಳಗೂ ಇಲ್ಲ. ಆದರೂ ಅದು ತಪ್ಪು. ಈ ಬಗೆಯ ತಪ್ಪು ಅಪಾಯಕಾರಿಯಾಗುವುದು ಇದಕ್ಕೇ: ಕೊನೆಯ ಸಂಖ್ಯೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ಸಿಕ್ಕಿಬೀಳುವುದಿಲ್ಲ. ಪರೀಕ್ಷಿಸಬೇಕಾದದ್ದು ಬೇರೆ ಕಡೆ.

ಮೊದಲು ಬೇಡಿಕೆಯನ್ನು ಕೇಳಿ ನೋಡಬೇಕು. ಲೆಡ್ ನೈಟ್ರೇಟ್ ಪೂರ್ತಿ ಮುಗಿಯುತ್ತದೆ ಎಂದಾದರೆ ಅದಕ್ಕೆ ಎಷ್ಟು ಪೊಟ್ಯಾಸಿಯಂ ಅಯೋಡೈಡ್ ಬೇಕು? ಸಮೀಕರಣದಲ್ಲಿ ಒಂದಕ್ಕೆ ಎರಡು ಎಂದಿದೆ. 0.020 ಮೋಲ್‌ಗೆ 0.040 ಬೇಕು, ಇರುವುದು 0.035. ಕೊರತೆ ಬಿತ್ತು. ಗಾಡಿ ಮಾಡುವವನ ಬಳಿ ಇಪ್ಪತ್ತು ಚೌಕಟ್ಟು, ಮೂವತ್ತೈದು ಗಾಲಿ ಇದ್ದರೆ ಎಣಿಕೆಯಲ್ಲಿ ಗಾಲಿಗಳೇ ಹೆಚ್ಚು, ಆದರೂ ಮೊದಲು ಮುಗಿಯುವುದು ಗಾಲಿಗಳೇ. ಮೋಲ್‌ಗಳನ್ನು ನೇರವಾಗಿ ಹೋಲಿಸಬಾರದು. ಸಮೀಕರಣದಲ್ಲಿ ಆಯಾ ವಸ್ತುವಿನ ಮುಂದಿರುವ ಸಂಖ್ಯೆಯಿಂದ ಭಾಗಿಸಿ ಹೋಲಿಸಬೇಕು. 0.020ನ್ನು 1ರಿಂದ ಭಾಗಿಸಿದರೆ 0.020, 0.035ನ್ನು 2ರಿಂದ ಭಾಗಿಸಿದರೆ 0.0175. ಎರಡನೆಯದು ಚಿಕ್ಕದು, ಆದ್ದರಿಂದ ಪೊಟ್ಯಾಸಿಯಂ ಅಯೋಡೈಡ್ ಲಿಮಿಟಿಂಗ್. ಬರಬೇಕಾದ ಲೆಡ್ ಅಯೋಡೈಡ್ 0.0175 ಮೋಲ್, ಅಂದರೆ 8.07 ಗ್ರಾಂ. ಇಳುವರಿ ಶೇ. 90.

ಮೋಲ್ ಬಿಟ್ಟು ಗ್ರಾಂಗಳನ್ನೇ ಹೋಲಿಸಿದವರಿಗೆ ಈ ಲೆಕ್ಕದಲ್ಲಿ ಸರಿ ಉತ್ತರ ಸಿಗುತ್ತದೆ ಎಂಬುದನ್ನೂ ಹೇಳಬೇಕು. ಒಂದು ಮೋಲ್ ಲೆಡ್ ನೈಟ್ರೇಟ್ 331 ಗ್ರಾಂ, ಅದಕ್ಕೆ ಬೇಕಾದ ಎರಡು ಮೋಲ್ ಪೊಟ್ಯಾಸಿಯಂ ಅಯೋಡೈಡ್ 332 ಗ್ರಾಂ. ಎರಡೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ತೂಕದಲ್ಲಿ ಕಡಿಮೆ ಇರುವುದೇ ಮೊದಲು ಮುಗಿಯುತ್ತದೆ. ಇದು ಬರೀ ಕಾಕತಾಳೀಯ. ಬೇರೆ ಜೋಡಿಯಲ್ಲಿ ಇದನ್ನು ನಂಬಿ ಕೂರುವಂತಿಲ್ಲ.

ಈಗ ತೂಕದ ತಾಳೆ ನೋಡೋಣ. ಬೀಕರಿಗೆ ಹೋದದ್ದು 6.62 ಮತ್ತು 5.81, ಒಟ್ಟು 12.43 ಗ್ರಾಂ ಲವಣ. ಸರಿಯಾದ ಲೆಕ್ಕದ ಪ್ರಕಾರ ಕ್ರಿಯೆ ಪೂರ್ಣಗೊಂಡಾಗ 8.07 ಗ್ರಾಂ ಲೆಡ್ ಅಯೋಡೈಡ್, 3.54 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, ಬಳಕೆಯಾಗದೆ ಉಳಿದ 0.83 ಗ್ರಾಂ ಲೆಡ್ ನೈಟ್ರೇಟ್ ಇರಬೇಕು. ಕೂಡಿದರೆ 12.44, ಆ 0.01ರ ವ್ಯತ್ಯಾಸ ದಶಾಂಶಗಳನ್ನು ಸರಿಹೊಂದಿಸಿದ್ದರಿಂದ ಬಂದದ್ದು. ತಪ್ಪು ಲೆಕ್ಕದಲ್ಲಿ 9.22 ಗ್ರಾಂ ಲೆಡ್ ಅಯೋಡೈಡ್ ಜೊತೆಗೆ 4.04 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಬರುತ್ತದೆ, ಒಟ್ಟು 13.26. ಹಾಕಿದ್ದಕ್ಕಿಂತ ಬಂದದ್ದೇ ಹೆಚ್ಚು!

ಇಲ್ಲೊಂದು ಸೂಕ್ಷ್ಮವಿದೆ. ಉಳಿದ ಪೊಟ್ಯಾಸಿಯಂ ಅಯೋಡೈಡನ್ನೂ ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ 0.035ರಿಂದ 0.040 ಕಳೆದು ಮೈನಸ್ 0.005 ಮೋಲ್, ಅಂದರೆ ಮೈನಸ್ 0.83 ಗ್ರಾಂ ಬರುತ್ತದೆ. ಅದನ್ನು 13.26ಕ್ಕೆ ಸೇರಿಸಿದರೆ ಮತ್ತೆ 12.43! ತಪ್ಪು ಲೆಕ್ಕವೂ ತಾಳೆಯಾಗಿಬಿಡುತ್ತದೆ. ಆದ್ದರಿಂದ ಮೊತ್ತ ಹೊಂದಿತು ಎಂದಷ್ಟಕ್ಕೇ ಬಿಡಬಾರದು. ಉಳಿದ ವಸ್ತುವಿನ ಮುಂದೆ ಮೈನಸ್ ಚಿಹ್ನೆ ಇದೆಯೇ ಎಂದು ನೋಡಲೇಬೇಕು. ಇದ್ದರೆ ಲಿಮಿಟಿಂಗ್ ರೀಏಜೆಂಟ್ ತಿರುವುಮುರುವಾಗಿದೆ ಎಂದೇ ಅರ್ಥ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇನ್ನೊಂದು, ಏಕೆಂದರೆ ಅದಕ್ಕೆ ಸಮೀಕರಣವೇ ಬೇಡ. ಅಯೋಡಿನ್ ಒಂದನ್ನೇ ಹಿಂಬಾಲಿಸಿ. ಅದು ಬಂದದ್ದು ಪೊಟ್ಯಾಸಿಯಂ ಅಯೋಡೈಡ್‌ನಿಂದ ಮಾತ್ರ. 166 ಗ್ರಾಂನಲ್ಲಿ 127 ಗ್ರಾಂ ಅಯೋಡಿನ್ ಇರುವುದರಿಂದ 5.81 ಗ್ರಾಂನಲ್ಲಿ ಇರುವುದು 4.445 ಗ್ರಾಂ. ಲೆಡ್ ಅಯೋಡೈಡ್‌ನ 461 ಗ್ರಾಂನಲ್ಲಿ 254 ಗ್ರಾಂ, ಅಂದರೆ ಶೇ. 55.1ರಷ್ಟು ಅಯೋಡಿನ್. 9.22 ಗ್ರಾಂ ಪ್ರಕ್ಷೇಪ ಬರಬೇಕಾದರೆ 5.08 ಗ್ರಾಂ ಅಯೋಡಿನ್ ಬೇಕು. ಇಡೀ ಬೀಕರಿನಲ್ಲಿ ಅಷ್ಟು ಇಲ್ಲವೇ ಇಲ್ಲ. ಇರುವ 4.445 ಗ್ರಾಂ ಅಷ್ಟೂ ಪ್ರಕ್ಷೇಪಕ್ಕೆ ಹೋದರೂ ದಾಟಲಾಗದ ಮಿತಿ 8.07 ಗ್ರಾಂ. ಸಮೀಕರಣವನ್ನೇ ತಪ್ಪಾಗಿ ಸರಿದೂಗಿಸಿದ್ದರೂ ಈ ದಾರಿ ಅದನ್ನು ಹಿಡಿದುಕೊಡುತ್ತದೆ. ಹಿಂದಿನ ಬೇಡಿಕೆಯ ಪರೀಕ್ಷೆಗೆ ಆ ಶಕ್ತಿ ಇರಲಿಲ್ಲ.

ಶೇಕಡಾವಾರಿನ ತಪ್ಪುಗಳಲ್ಲಿ ಭಾಜ್ಯ ಭಾಜಕಗಳು ಅದಲುಬದಲಾಗುವುದನ್ನು ಸುಲಭವಾಗಿ ಗುರುತಿಸಬಹುದು: 8.07ನ್ನು 7.26ರಿಂದ ಭಾಗಿಸಿದರೆ ಶೇ. 111 ಬರುತ್ತದೆ. ಆದರೆ ನೂರು ದಾಟಿದ್ದೆಲ್ಲ ಲೆಕ್ಕದ ತಪ್ಪಲ್ಲ. ಇದೇ ಪ್ರಯೋಗದಲ್ಲಿ ಸೋಸುಕಾಗದದ ಮೇಲಿನ ಪ್ರಕ್ಷೇಪವನ್ನು ಅವಸರದಲ್ಲಿ ತೂಗಿ 8.60 ಗ್ರಾಂ ಎಂದು ಬರೆದುಕೊಂಡರೆ ಇಳುವರಿ ಶೇ. 107 ಆಗುತ್ತದೆ. ಹೆಚ್ಚುವರಿ ತೂಕ ಬಹುಮಟ್ಟಿಗೆ ನೀರಿನದು, ಇಲ್ಲವೇ ಸರಿಯಾಗಿ ತೊಳೆಯದೆ ಅಂಟಿಕೊಂಡ ಬೇರೆ ಲವಣಗಳದು. ಒಣಗಿಸಿ ತೂಗಿ, ಮತ್ತೆ ಒಣಗಿಸಿ ತೂಗಿ, ತೂಕ ಬದಲಾಗದೆ ನಿಂತ ಮೇಲೆ ಬರೆದುಕೊಳ್ಳಬೇಕು. ಲಿಮಿಟಿಂಗ್ ರೀಏಜೆಂಟನ್ನು ತಪ್ಪಾಗಿ ಹಿಡಿದವರು ಇದೇ 8.60ನ್ನು 9.22ರಿಂದ ಭಾಗಿಸಿ ಶೇ. 93.3 ಎಂದು ಬರೆಯುತ್ತಾರೆ. ಪ್ರಕ್ಷೇಪ ಒದ್ದೆಯಾಗಿತ್ತು ಎಂಬ ಸುಳಿವೂ ಅಲ್ಲಿಗೆ ಮುಚ್ಚಿಹೋಗುತ್ತದೆ.

ಇಳುವರಿ ಶೇ. 90ಕ್ಕೆ ನಿಂತದ್ದಕ್ಕೂ ಕಾರಣಗಳಿವೆ. ಸ್ವಲ್ಪ ಬೀಕರಿನ ಗೋಡೆಗೆ, ಸ್ವಲ್ಪ ಸೋಸುಕಾಗದಕ್ಕೆ ಅಂಟುತ್ತದೆ. ಲೆಡ್ ಅಯೋಡೈಡ್ ತುಸು ಕರಗುವ ವಸ್ತುವೂ ಹೌದು. 100 ಮಿಲಿಲೀಟರ್ ತಣ್ಣೀರಿನಲ್ಲಿ ಕರಗುವುದು 0.1 ಗ್ರಾಂಗಿಂತ ಕಡಿಮೆಯಾದರೂ ಕುದಿಯುವ ನೀರಿನಲ್ಲಿ ಸುಮಾರು 0.4 ಗ್ರಾಂ ಕರಗುತ್ತದೆ. ಬಿಸಿನೀರಿನಲ್ಲಿ ತೊಳೆದರೆ ನಾಲ್ಕೈದು ಶೇಕಡಾ ಇಳುವರಿ ಆ ನೀರಿನೊಂದಿಗೇ ಹೋಗಬಹುದು.

ಯಾವುದು ಉಳಿದಿದೆ ಎಂಬುದನ್ನು ಕಾಗದವಿಲ್ಲದೆಯೂ ನೋಡಬಹುದು. ಸೋಸಿ ಬಂದ ತಿಳಿ ದ್ರವವನ್ನು ಎರಡು ಪ್ರನಾಳಗಳಿಗೆ ಹಂಚಿ, ಒಂದಕ್ಕೆ ಪೊಟ್ಯಾಸಿಯಂ ಅಯೋಡೈಡ್ ದ್ರಾವಣದ ಕೆಲವು ಹನಿ, ಇನ್ನೊಂದಕ್ಕೆ ಲೆಡ್ ನೈಟ್ರೇಟ್‌ನ ಕೆಲವು ಹನಿ ಹಾಕಬೇಕು. ನಮ್ಮ ಲೆಕ್ಕ ಸರಿಯಿದ್ದರೆ ಮೊದಲನೆಯದು ದಟ್ಟ ಹಳದಿಯಾಗುತ್ತದೆ, ಎರಡನೆಯದರಲ್ಲಿ ಹೆಚ್ಚೆಂದರೆ ಮಸುಕು ಛಾಯೆ ಕಾಣಬಹುದು. ಆ ದ್ರವದಲ್ಲಿ ವಿಷಕಾರಿ ಸೀಸ ಉಳಿದಿರುವುದರಿಂದ ಪ್ರಯೋಗ ಮುಗಿದ ಮೇಲೆ ಅದನ್ನು ಸಿಂಕಿಗೆ ಚೆಲ್ಲದೆ, ಸೀಸದ ತ್ಯಾಜ್ಯಕ್ಕೆಂದು ಇಟ್ಟ ಬಾಟಲಿಗೆ ಸುರಿಯಬೇಕು.