‘ಮಾತಿನಲ್ಲಿ ಪದಗಳ ಪಾಲು ಬರೀ ಶೇ. 7’ ಎಂಬ ಫಾರ್ವರ್ಡ್ ನಿಜವೇ? ಮೆಸೇಜು, ವಾಯ್ಸ್ ನೋಟು, ವಿಡಿಯೊ ಕಾಲ್‌ನಲ್ಲಿ ನಮ್ಮ ದನಿ ಬದಲಾಗುವುದು ಹೀಗೆ

ತಿಪಟೂರಿನಲ್ಲಿರುವ ನನ್ನ ಸೋದರಮಾವ ಒಂದು ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್‌ನಲ್ಲಿ ಹೀಗೆ ಬರೆದಿದ್ದರು: “ಏನಮ್ಮ ನಮ್ಮನ್ನೆಲ್ಲ ಮರೆತೇ ಬಿಟ್ಯಾ”.

ಆಫೀಸಿನ ಕೆಲಸದ ಮಧ್ಯೆ ಇದ್ದ ನನಗೆ ಅದು ಚುಚ್ಚಿತು. “ಇಲ್ಲ ಮಾವ. ಕೆಲಸ ಇತ್ತು.” ಎಂದು ಉತ್ತರಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಮೂರು ತಿಂಗಳು ಇಬ್ಬರೂ ಮಾತಾಡಲಿಲ್ಲ. ಮರುದಿನ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು, ಆ ರಾತ್ರಿ ಯಾರ ಜೊತೆಗಾದರೂ ನಾಲ್ಕು ಮಾತಾಡಬೇಕು ಅನ್ನಿಸಿತ್ತು ಎಂಬುದು ನನಗೆ ಆಮೇಲೆ ಅಮ್ಮನಿಂದ ಗೊತ್ತಾಯಿತು.

ಇಂಥ ಜಗಳ ಆದಾಗೆಲ್ಲ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಬರುತ್ತದೆ. ‘ಸಂವಹನದಲ್ಲಿ ಪದಗಳ ಪಾಲು ಬರೀ ಶೇ. 7, ದನಿಯದ್ದು ಶೇ. 38, ಮುಖಭಾವದ್ದು ಶೇ. 55. ವಿಜ್ಞಾನಿಗಳೇ ಹೇಳಿದ್ದಾರೆ. ಆದ್ದರಿಂದ ಮೆಸೇಜ್ ಬಿಡಿ, ವಿಡಿಯೊ ಕಾಲ್ ಮಾಡಿ’ ಎಂದು. ನಿಮಗೂ ಬಂದಿರಬಹುದು. ಇದರಲ್ಲಿ ಸತ್ಯ ಎಷ್ಟಿದೆ ಎಂದು ಮೊದಲು ನೋಡೋಣ.

ಈ ಅಂಕಿಗಳು ಸುಳ್ಳಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಹೋದ್ಯೋಗಿಗಳು 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಇವು ಬಂದಿವೆ. ಆದರೆ ಆ ಪ್ರಯೋಗಗಳಲ್ಲಿ ಯಾರೂ ಸಂಭಾಷಣೆ ನಡೆಸಿರಲಿಲ್ಲ. ಒಂದೊಂದೇ ಬಿಡಿ ಪದವನ್ನು ಬೇರೆ ಬೇರೆ ದನಿಯಲ್ಲಿ ಹೇಳಿಸಿ ರೆಕಾರ್ಡ್ ಮಾಡಿದ್ದರು. ಎರಡನೆಯದರಲ್ಲಿ ‘ಇರಬಹುದು’ ಎಂಬರ್ಥದ ಒಂದೇ ಇಂಗ್ಲಿಷ್ ಪದವನ್ನು ಕೇಳಿಸಿ, ಜೊತೆಗೆ ಮುಖದ ಫೋಟೊ ತೋರಿಸಿ, ಹೇಳಿದವರಿಗೆ ಎದುರಿನವರ ಮೇಲೆ ಇಷ್ಟವಿದೆಯೋ ಇಲ್ಲವೋ ಎಂದು ಕೇಳಿದ್ದರು. ಪದ ಒಂದು ಹೇಳಿ ದನಿ ಇನ್ನೊಂದು ಹೇಳಿದರೆ ಜನ ಯಾವುದನ್ನು ನಂಬುತ್ತಾರೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಇಷ್ಟ, ಕೋಪದಂಥ ಭಾವನೆಗಳ ವಿಷಯಕ್ಕೆ ಬಿಟ್ಟು ಬೇರೆ ಮಾತಿಗೆ ಈ ಲೆಕ್ಕ ಹೊಂದುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಪದಕ್ಕೆ ನಿಜವಾಗಿ ಏಳೇ ಅಂಶ ಬೆಲೆ ಇದ್ದಿದ್ದರೆ, ಗೊತ್ತಿಲ್ಲದ ಭಾಷೆಯ ಸಿನಿಮಾವೂ ನಮಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಅರ್ಥವಾಗಬೇಕಿತ್ತು!

ಆದರೂ ಆ ಫಾರ್ವರ್ಡ್ ಇಷ್ಟು ವರ್ಷ ಓಡಾಡಲು ಒಂದು ಕಾರಣವಿದೆ. ‘ಹೇಗಿದ್ದೀಯ’, ‘ಊಟ ಆಯ್ತಾ’, ‘ಮರೆತೇ ಬಿಟ್ಯಾ’ ಇವೆಲ್ಲ ಮಾಹಿತಿ ಕೇಳುವ ಪ್ರಶ್ನೆಗಳಲ್ಲ. ‘ನಾವಿಬ್ಬರೂ ಚೆನ್ನಾಗಿದ್ದೇವೆ ತಾನೇ’ ಎಂದು ಮುಟ್ಟಿ ನೋಡುವ ಮಾತುಗಳು. ಅಂದರೆ ಭಾವನೆಯ ಮಾತುಗಳೇ. ಹಾಗಾಗಿ ಕುಶಲ ವಿಚಾರಿಸುವಾಗ ದನಿಯ ತೂಕ ನಿಜಕ್ಕೂ ಹೆಚ್ಚು. ಮೆಸೇಜಿನಲ್ಲಿ ಆ ದನಿ ಎಲ್ಲಿಂದ ಬರುತ್ತದೆ?

ಓದುವವರ ತಲೆಯಿಂದ ಬರುತ್ತದೆ. ಮಾವ ಟೈಪ್ ಮಾಡುವಾಗ ಅವರ ಕಿವಿಯಲ್ಲಿ “ಏನಮ್ಮಾ…” ಎಂಬ ಎಳೆತ, ಕೊನೆಯ ‘ಬಿಟ್ಯಾ’ದಲ್ಲಿ ಮೇಲೇರುವ ನಗು ಎರಡೂ ಇದ್ದವು. ಪರದೆಯ ಮೇಲೆ ಬಂದದ್ದು ಅಕ್ಷರ ಮಾತ್ರ. ಆಗ ನನ್ನ ಮನಸ್ಸಿನಲ್ಲಿದ್ದ ಕಿರಿಕಿರಿಯ ದನಿಯಲ್ಲೇ ನಾನು ಅದನ್ನು ಓದಿಕೊಂಡೆ. ‘ಬಿಟ್ಯಾ’ದ ದೀರ್ಘವನ್ನು ಮೊಟಕು ಮಾಡಿ, ಕೆಳಗಿಳಿಸಿ ಓದಿ ನೋಡಿ. ಅದೇ ವಾಕ್ಯ ಆಪಾದನೆಯಾಗುತ್ತದೆ.

1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಮಾಡಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಒಬ್ಬರು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಇನ್ನೊಬ್ಬರು ಅದು ಯಾವ ಹಾಡೆಂದು ಹೇಳಬೇಕು. ಕೇಳುವವರು ಅರ್ಧದಷ್ಟು ಹಾಡುಗಳನ್ನಾದರೂ ಗುರುತಿಸುತ್ತಾರೆ ಎಂದು ತಟ್ಟುವವರು ಅಂದುಕೊಂಡಿದ್ದರು. ಗುರುತು ಸಿಕ್ಕಿದ್ದು 120ರಲ್ಲಿ ಮೂರು. ತಟ್ಟುವವರ ತಲೆಯೊಳಗೆ ಹಾಡು ಪೂರ್ತಿ ನಡೆಯುತ್ತಿರುತ್ತದೆ, ಕೇಳುವವರಿಗೆ ಬರೀ ‘ಟಕ್ ಟಕ್’. ಮನೆಯಲ್ಲಿ ಯಾರ ಜೊತೆಗಾದರೂ ಮಾಡಿ ನೋಡಿ, ಒಳ್ಳೇ ಮಜಾ ಇರುತ್ತದೆ.

ಇದೇ ಯೋಚನೆಯನ್ನು ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು 2005ರಲ್ಲಿ ಇಮೇಲ್‌ಗೆ ಅನ್ವಯಿಸಿದರು. ಕೆಲವು ವಾಕ್ಯಗಳನ್ನು ಗಂಭೀರವಾಗಿ, ಕೆಲವನ್ನು ವ್ಯಂಗ್ಯವಾಗಿ ಕಳಿಸಬೇಕಿತ್ತು. ನೂರಕ್ಕೆ ಸುಮಾರು 78 ಸಲ ಸರಿಯಾಗಿ ಅರ್ಥವಾಗುತ್ತದೆ ಎಂದು ಕಳಿಸಿದವರು ಊಹಿಸಿದ್ದರು. ದನಿಯಲ್ಲಿ ಹೇಳಿದಾಗ ಮುಕ್ಕಾಲು ಪಾಲಿನ ಹತ್ತಿರ ಸರಿಯಾಯಿತು. ಬರಹದಲ್ಲಿ ಸರಿಯಾದದ್ದು ಸುಮಾರು 56. ಎರಡೇ ಉತ್ತರವಿರುವ ಪ್ರಶ್ನೆಗೆ ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುತ್ತಿತ್ತು ಎಂಬುದನ್ನು ಮರೆಯಬೇಡಿ. ತಪ್ಪು ತಿಳಿದುಕೊಂಡವರಿಗೂ ತಾವು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದೇವೆ ಎಂಬ ಧೈರ್ಯವಿತ್ತು. ನನಗೂ ಆ ರಾತ್ರಿ ಒಂಚೂರೂ ಅನುಮಾನ ಬರಲಿಲ್ಲ.

ಇನ್ನು ನನ್ನ ಉತ್ತರಕ್ಕೆ ಬರೋಣ. ಎರಡು ಚಿಕ್ಕ ವಾಕ್ಯ, ಎರಡರ ಕೊನೆಗೂ ಚುಕ್ಕಿ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದೇ ಪದದ ಉತ್ತರವಿರುವ ಮೆಸೇಜುಗಳನ್ನು ತೋರಿಸಿದಾಗ, ಕೊನೆಗೆ ಪೂರ್ಣವಿರಾಮ ಇದ್ದವು ಮನಸ್ಸಿಲ್ಲದ ಉತ್ತರದಂತೆ ಕಂಡವು. ಕೈಬರಹದ ಚೀಟಿಯಲ್ಲಿ ಆ ವ್ಯತ್ಯಾಸ ಇರಲಿಲ್ಲ. ಆದರೆ ಅದು ಇಂಗ್ಲಿಷಿನಲ್ಲಿ, ಕಾಲೇಜು ಹುಡುಗರ ಮೇಲೆ ನಡೆದ ಅಧ್ಯಯನ. ಕಾಗದ ಬರೆದು ಬೆಳೆದ ನಮ್ಮ ಹಿರಿಯರಿಗೆ ಚುಕ್ಕಿ ಎಂದರೆ ವ್ಯಾಕರಣ ಅಷ್ಟೇ. ಎಷ್ಟೋ ಫೋನುಗಳಲ್ಲಿ ಸ್ಪೇಸ್ ಎರಡು ಸಲ ಒತ್ತಿದರೆ ಚುಕ್ಕಿ ತಾನಾಗಿಯೇ ಬೀಳುತ್ತದೆ. ಅತ್ತೆಯ ‘ಸರಿ.’ ನೋಡಿ ಗಾಬರಿಯಾಗುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಮಾವನಿಗೆ ಚುಚ್ಚಿದ್ದು ಚುಕ್ಕಿ ಅಲ್ಲ ಅನ್ನಿಸುತ್ತದೆ. ಕನ್ನಡದಲ್ಲಿ ಬರಹಕ್ಕೂ ದನಿ ಕೊಡುವ ಪುಟ್ಟ ಪದಗಳಿವೆ. ‘ಆಯ್ತು’ ಒಂದನ್ನೇ ತಗೊಳ್ಳಿ. ‘ಆಯ್ತು ಕಣೋ’ ಎಂದರೆ ಸಲುಗೆ, ‘ಆಯ್ತಪ್ಪ’ ಎಂದರೆ ಸ್ವಲ್ಪ ಸೋಲು ಸ್ವಲ್ಪ ನಗು, ‘ಆಯ್ತು ಮಾರಾಯ’ ಎಂದರೆ ಪ್ರೀತಿಯ ಬೇಸರ, ‘ಆಯ್ತು ಬಿಡು’ ಎಂದರೆ ಬಾಗಿಲು ಹಾಕಿದ ಹಾಗೆ. ಇವ್ಯಾವೂ ಇಲ್ಲದ ಒಣ ಉತ್ತರ ಕಳಿಸಿದ್ದು ನಾನು. “ಅಯ್ಯೋ ಇಲ್ಲ ಮಾವ, ಕೆಲಸಾನೇ ಮುಗೀತಿಲ್ಲ ನೋಡಿ” ಎಂದಿದ್ದರೆ ಮಾಹಿತಿ ಅಷ್ಟೇ ಇರುತ್ತಿತ್ತು, ಮೂರು ತಿಂಗಳು ಉಳಿಯುತ್ತಿತ್ತು.

ವಾಯ್ಸ್ ನೋಟಿನಲ್ಲಿ ದನಿ ಜೊತೆಗೇ ಬರುತ್ತದೆ. ನಗು ಕೂಡ ಕೇಳಿಸುತ್ತದೆ. ನಕ್ಕಾಗ ತುಟಿ ಅಗಲವಾಗಿ, ಗಂಟಲಿನಿಂದ ತುಟಿಯವರೆಗಿನ ದಾರಿ ಗಿಡ್ಡವಾಗುತ್ತದೆ. ಗಿಡ್ಡ ಕೊಳಲಿನ ಹಾಗೆ, ಅಲ್ಲಿ ಅನುರಣನ ಕೊಂಚ ಮೇಲಿನ ಸ್ವರಕ್ಕೆ ಹೋಗುತ್ತದೆ. ಮುಖ ಕಾಣದೆ ಬರೀ ದನಿಯಿಂದ ಜನ ಇದನ್ನು ಗುರುತಿಸಬಲ್ಲರು ಎಂದು ವಿವಿಯನ್ ಟಾರ್ಟರ್ 1980ರಲ್ಲೇ ತೋರಿಸಿದ್ದರು.

ಇಲ್ಲಿ ಕಾಣೆಯಾಗುವುದು ಎದುರಿನವರ ‘ಹೂಂ’. ಎದುರಿಗಿದ್ದಾಗ ಅಥವಾ ಫೋನಿನಲ್ಲಿ ಅವರ ‘ಹೂಂ’, ‘ಹೌದಾ’ ಕೇಳಿ ನಾವು ದನಿಯನ್ನು ಏರಿಸುತ್ತೇವೆ, ಇಳಿಸುತ್ತೇವೆ. ವಾಯ್ಸ್ ನೋಟಿನಲ್ಲಿ ಅದಿಲ್ಲ. ಅದಕ್ಕೇ ಅನೇಕ ಹಿರಿಯರು ಅಲ್ಲಿ ರೇಡಿಯೊ ವಾರ್ತೆ ಓದುವ ಹಾಗೆ ಮಾತಾಡುತ್ತಾರೆ, ಅದು ಬಿಗುಮಾನ ಅಲ್ಲ. ಅಳಿಸಿ ಅಳಿಸಿ ನಾಲ್ಕನೇ ಸಲ ರೆಕಾರ್ಡ್ ಮಾಡಿದ ‘ಹೇಗಿದ್ದೀಯ’ ಬಾಯಿಪಾಠ ಒಪ್ಪಿಸಿದಂತೆ ಕೇಳಿಸುವುದೂ ಉಂಟು.

ತಪ್ಪು ನಮ್ಮ ಕಡೆಯೂ ಇದೆ. 2021ರಲ್ಲಿ ವಾಟ್ಸಾಪ್ ವಾಯ್ಸ್ ನೋಟನ್ನು 1.5x ಮತ್ತು 2x ವೇಗದಲ್ಲಿ ಕೇಳುವ ಸೌಲಭ್ಯ ತಂದಿತು. ವೇಗ ಹೆಚ್ಚಿಸಿದರೂ ದನಿ ಕೀರಲಾಗದಂತೆ ಸಾಫ್ಟ್‌ವೇರ್ ಸ್ವರದ ಎತ್ತರವನ್ನು ಹಾಗೇ ಇಡುತ್ತದೆ. ಹೀಗಾಗಿ ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಆದರೆ ಎಳೆತಗಳು, ಮಾತಿನ ನಡುವಿನ ಮೌನ ಎರಡೂ ಅರ್ಧಕ್ಕೆ ಇಳಿದಿರುತ್ತವೆ. “ಹೂಂ… ಚೆನ್ನಾಗಿದ್ದೀನಿ” ಎಂಬಲ್ಲಿ ಎರಡು ಸೆಕೆಂಡಿನ ಮೌನವೇ ನಿಜವಾದ ಸಮಾಚಾರ ಆಗಿದ್ದರೆ, 2xನಲ್ಲಿ ಅದು ಚುರುಕಾದ ಉತ್ತರದಂತೆ ಕೇಳಿಸುತ್ತದೆ.

ಹಾಗಾದರೆ ಮುಖವೂ ಕಾಣುವ ವಿಡಿಯೊ ಕಾಲ್ ಎಲ್ಲಕ್ಕಿಂತ ಉತ್ತಮವೇ? ಅಲ್ಲಿ ಕೈಕೊಡುವುದು ಸಮಯ. ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಅಂತರ ಸರಾಸರಿ 0.2 ಸೆಕೆಂಡಿನ ಆಸುಪಾಸು. ಈಗ ನೆಟ್‌ವರ್ಕ್ ದುರ್ಬಲವಾಗಿ, ಮಾತು ಒಂದು ಕಡೆಯಿಂದ ಇನ್ನೊಂದು ಕಡೆ ತಲುಪಲು 0.4 ಸೆಕೆಂಡ್ ತಗೊಂಡಿತು ಎನ್ನಿ. ನಿಮ್ಮ “ಆರಾಮಾ?” ಹೋಗಲು 0.4, ಅವರು ಉತ್ತರಿಸಲು 0.2, ಅದು ವಾಪಸ್ ಬರಲು ಮತ್ತೆ 0.4. ಒಟ್ಟು ಒಂದು ಸೆಕೆಂಡ್. ಅವರು ತಕ್ಷಣ “ಆರಾಮ್” ಎಂದಿದ್ದರೂ ನಿಮಗೆ ಅದು ತಡವರಿಸಿ ಹೇಳಿದಂತೆ ಕೇಳಿಸುತ್ತದೆ. ಫೋನ್ ಮಾತುಕತೆಗೆ ಒಂದು ಕಡೆಯ ವಿಳಂಬ 0.15 ಸೆಕೆಂಡ್ ದಾಟದಿದ್ದರೆ ಒಳ್ಳೆಯದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುವುದು ಇದಕ್ಕೇ. ಇಂಥ ವಿಳಂಬವಿದ್ದಾಗ ಜನ ದೂರುವುದು ನೆಟ್‌ವರ್ಕನ್ನಲ್ಲ, ‘ಎದುರಿನವರಿಗೆ ಗಮನವೇ ಇಲ್ಲ’ ಎಂದುಕೊಳ್ಳುತ್ತಾರೆ ಎಂದು ಜರ್ಮನಿಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡುಬಂತು.

ಇದನ್ನು ಪತ್ತೆ ಹಚ್ಚುವುದು ಸುಲಭ. ಇಬ್ಬರೂ ಪದೇ ಪದೇ ಒಟ್ಟಿಗೇ ಮಾತು ಶುರುಮಾಡಿ, ಒಟ್ಟಿಗೇ ನಿಲ್ಲಿಸಿ, “ನೀವು ಹೇಳಿ” “ಇಲ್ಲ ನೀನು ಹೇಳು” ಎನ್ನುತ್ತಿದ್ದರೆ ತಪ್ಪು ಸಂಬಂಧದಲ್ಲಿಲ್ಲ, ಸಿಗ್ನಲ್‌ನಲ್ಲಿದೆ. ವಿಡಿಯೊ ನಿಲ್ಲಿಸಿ ಬರೀ ದನಿಗೆ ಬದಲಾಯಿಸಿದರೆ ಡೇಟಾದ ಹೊರೆ ಇಳಿದು ಅನೇಕ ಸಲ ಸರಿಹೋಗುತ್ತದೆ. ಇನ್ನೊಂದು ವಿಷಯ: ಪರದೆಯಲ್ಲಿ ನಿಮ್ಮ ಮುಖವನ್ನೇ ನೋಡಿ ಮಾತಾಡುವವರ ಕಣ್ಣು ಕ್ಯಾಮೆರಾಗಿಂತ ಕೆಳಗಿರುತ್ತದೆ. ನಿಮಗೆ ಅವರು ಕಣ್ಣು ತಪ್ಪಿಸಿದಂತೆ ಕಾಣುತ್ತದೆ.

ಮೆಸೇಜಿಗೆ ಒಂದು ಪರೀಕ್ಷೆಯನ್ನು ಕ್ರೂಗರ್ ತಂಡದ ಪ್ರಯೋಗವೇ ಕೊಡುತ್ತದೆ. ಕಳಿಸುವ ಮೊದಲು ತಮ್ಮ ವಾಕ್ಯವನ್ನು ಉದ್ದೇಶಕ್ಕೆ ವಿರುದ್ಧವಾದ ದನಿಯಲ್ಲಿ ಗಟ್ಟಿಯಾಗಿ ಓದಿದವರ ಅತಿಯಾದ ವಿಶ್ವಾಸ ಕಡಿಮೆಯಾಯಿತು. ತಮಾಷೆಗೆ ಬರೆದದ್ದನ್ನು ಸಿಡುಕಿ ಓದಿ ನೋಡುವುದು, ಅಷ್ಟೇ. ಬಂದ ಮೆಸೇಜಿಗೂ ಇದು ನಡೆಯುತ್ತದೆ: ಚುಚ್ಚಿದ್ದನ್ನು ಒಮ್ಮೆ ನಗುತ್ತಾ ಓದಿ.

ಮೂರು ತಿಂಗಳ ಮೇಲೆ ನಾನು ಮಾವನ ಆ ಮೆಸೇಜನ್ನು ಅವರದೇ ಎಳೆತದಲ್ಲಿ ಗಟ್ಟಿಯಾಗಿ ಓದಿದೆ. ಆಮೇಲೆ “ಏನ್ ಮಾವ, ಈಗ ನೀವೇ ಮರೆತ್ಬಿಟ್ರಾ?” ಎಂದು ಒಂಬತ್ತು ಸೆಕೆಂಡಿನ ವಾಯ್ಸ್ ನೋಟ್ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು, ನಾಲ್ಕು ನಿಮಿಷದ್ದು. ಅದರಲ್ಲಿ ಕಣ್ಣಿನ ವಿಷಯ ಬಂದದ್ದು ಕೊನೆಯಲ್ಲಿ, ಒಂದು ದೊಡ್ಡ ಮೌನದ ನಂತರ. ಪುಣ್ಯಕ್ಕೆ 1xನಲ್ಲಿ ಕೇಳುತ್ತಿದ್ದೆ.