ಎಳ್ಳು-ಬೆಲ್ಲ ತಡವಾದಾಗ ಬರೆಯಬೇಕಾದ ಸಂದೇಶ

ಸಂಕ್ರಾಂತಿಗೆ ಎಳ್ಳು-ಬೆಲ್ಲ ಮಾಡಿ ಮಾರುವವರಿಗೆ ಜನವರಿ ಮೊದಲ ವಾರದಲ್ಲೇ ಆರ್ಡರ್‌ಗಳ ಒತ್ತಡ ಶುರು. ಇನ್ನಿಬ್ಬರನ್ನು ಕರೆದುಕೊಂಡರೆ ಕೊಬ್ಬರಿ, ಬೆಲ್ಲ ಬೇಗ ಹೆಚ್ಚಬಹುದು. ಆದರೆ ಹೆಚ್ಚಿದ್ದು ಬಿಸಿಲಲ್ಲಿ ಒಣಗಲೇಬೇಕು. ಹಸಿಯಾಗಿ ಬೆರೆಸಿದರೆ ಮುದ್ದೆಯಾಗುತ್ತದೆ. ತಡವಾಗುವುದು ಖಚಿತವಾದ ದಿನವೇ, ಗ್ರಾಹಕರು ಫೋನ್ ಮಾಡುವ ಮೊದಲೇ, ಹೀಗೆ ತಿಳಿಸಬೇಕು:

“ನಮಸ್ಕಾರ. ನಿಮ್ಮ 2 ಕೆ.ಜಿ. ಎಳ್ಳು-ಬೆಲ್ಲವನ್ನು 11ಕ್ಕೆ ಕೊಡುತ್ತೇವೆ ಎಂದಿದ್ದೆವು, ಆಗುತ್ತಿಲ್ಲ. ಕ್ಷಮಿಸಿ. ಒಣಗಿಸಲು ಆಗುವುದಕ್ಕಿಂತ ಹೆಚ್ಚು ಆರ್ಡರ್ ತೆಗೆದುಕೊಂಡೆವು. 13ರ ಸಂಜೆ 6ರೊಳಗೆ ಮನೆಗೆ ತಲುಪಿಸುತ್ತೇವೆ. ಬೇಡವಾದರೆ ತಿಳಿಸಿ, ಪೂರ್ತಿ ಹಣ ವಾಪಸ್ ಕೊಡುತ್ತೇವೆ. ನಾಳೆ ಸಂಜೆ ಮತ್ತೆ ಮೆಸೇಜ್ ಮಾಡುತ್ತೇವೆ.”

‘ಬೇಡಿಕೆ ಜಾಸ್ತಿಯಾಗಿದೆ’ ಎಂದಷ್ಟೇ ಬರೆದರೆ ವ್ಯಾಪಾರದ ಜಂಬದಂತೆ ಕೇಳಿಸುತ್ತದೆ. ತಪ್ಪು ಯಾರದೆಂದು ಅದು ಹೇಳುವುದಿಲ್ಲ. ‘ಆದಷ್ಟು ಬೇಗ’ ಎಂಬುದಂತೂ ಬೇಡವೇ ಬೇಡ. ಹಬ್ಬ ಮುಗಿದ ಮೇಲೆ ಬಂದ ಎಳ್ಳನ್ನು ಯಾರಿಗೆ ಬೀರುವುದು? ಬೇರೆ ಕಡೆ ಕೊಳ್ಳಲು ಗ್ರಾಹಕರಿಗೆ ಸಮಯ ಉಳಿದಿರುವಾಗಲೇ ದಿನಾಂಕ ಗೊತ್ತಾಗಬೇಕು. 12ಕ್ಕೆ ಮುಗಿಯಬಹುದು ಅನಿಸಿದರೂ 13 ಎಂದೇ ಬರೆಯುವುದು ಕ್ಷೇಮ, ಏಕೆಂದರೆ ಎರಡನೇ ಸಲ ಮಾತು ತಪ್ಪಿದರೆ ಮೊದಲ ಕ್ಷಮೆಗೂ ಬೆಲೆ ಇರುವುದಿಲ್ಲ. ಹೇಳಲು ಹೊಸದೇನೂ ಇಲ್ಲದಿದ್ದರೂ ಮರುದಿನದ ಮೆಸೇಜ್ ತಪ್ಪಿಸಬಾರದು: ‘ಕೊಬ್ಬರಿ ಒಣಗಿದೆ, ನಾಳೆ ಬೆರೆಸುತ್ತೇವೆ’ ಎಂದರೂ ಸಾಕು.