ಲಕ್ಷ್ಮೀನಾರಾಯಣ ಲಕ್ಷ್ಮಿಯಾಗುವ ಲೆಕ್ಕ

ಹೊಳೆನರಸೀಪುರ ವೆಂಕಟಸುಬ್ಬರಾವ್ ಲಕ್ಷ್ಮೀನಾರಾಯಣ. ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತಾನು. ಹಳೇ ಮೈಸೂರು ಸೀಮೆಯಲ್ಲಿ ಹೆಸರು ಕಟ್ಟುವ ಮಾಮೂಲಿ ಕ್ರಮ ಇದೇ. ಇದು ಲೆಕ್ಕಕ್ಕೆಂದು ಕಟ್ಟಿಕೊಂಡ ಹೆಸರಾದರೂ ಇಂಥವರು ಪ್ರತಿ ಬೀದಿಯಲ್ಲೂ ಇದ್ದಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ, ಲಗ್ನಪತ್ರಿಕೆಯಲ್ಲಿ, ಮನೆ ಮುಂದಿನ ಫಲಕದಲ್ಲಿ ಅವರು ಎಚ್.ವಿ. ಲಕ್ಷ್ಮೀನಾರಾಯಣ. ಅಲ್ಲಿಯವರೆಗೆ ಯಾವ ತೊಂದರೆಯೂ ಇಲ್ಲ. ಪಾಸ್‌ಪೋರ್ಟ್ ಅರ್ಜಿ ಕೈಗೆ ಬಂದಾಗ ಸಮಸ್ಯೆ ಶುರುವಾಗುತ್ತದೆ. ಅಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬರೆಯುವುದಕ್ಕೆ ಎರಡು ಅಂಕಣಗಳಿವೆ: ಒಂದು ಸರ್‌ನೇಮ್, ಇನ್ನೊಂದು ಗಿವನ್ ನೇಮ್.

ಸರ್‌ನೇಮ್ ಎಂಬುದೇ ಇಲ್ಲದ ಮನೆತನದವರು ಇಲ್ಲಿ ತಡವರಿಸುತ್ತಾರೆ. ಇನಿಷಿಯಲ್‌ಗಳನ್ನು ಬಿಡಿಸಿದರೆ ಸಿಗುವ ಊರು ಮತ್ತು ಅಪ್ಪನ ಹೆಸರನ್ನು ಒಟ್ಟಿಗೆ ಸರ್‌ನೇಮ್ ಅಂಕಣಕ್ಕೆ ಹಾಕಿ, ತಮ್ಮ ಹೆಸರನ್ನು ಗಿವನ್ ನೇಮ್ ಅಂಕಣದಲ್ಲಿ ಬರೆದು ಕೈತೊಳೆದುಕೊಳ್ಳುವವರು ಬಹಳ. ನಮ್ಮ ಲಕ್ಷ್ಮೀನಾರಾಯಣರೂ ಹಾಗೇ ಮಾಡಿದರು ಎನ್ನೋಣ. ಪಾಸ್‌ಪೋರ್ಟ್ ಬರುತ್ತದೆ. ಫೋಟೊ ಇರುವ ಪುಟದ ಮೇಲ್ಭಾಗದಲ್ಲಿ ಹೆಸರು ಪೂರ್ತಿಯಾಗಿಯೇ ಇದೆ. ಆದರೆ ಅದೇ ಪುಟದ ಬುಡದಲ್ಲಿ ಯಂತ್ರ ಓದುವ ಎರಡು ಸಾಲುಗಳಿರುತ್ತವೆ. ಅವುಗಳಲ್ಲಿ ಮೊದಲನೆಯದು ಹೀಗಿರುತ್ತದೆ:

```
P<INDHOLENARASIPURA<VENKATASUBBARAO<<LAKSHMI
```

ನಾರಾಯಣ ನಾಪತ್ತೆ! ಗಂಡಸಿನ ಹೆಸರು ಹೆಂಗಸಿನದಾಗಿದೆ. ಯಂತ್ರ ಬೇಕೆಂದು ಮಾಡಿದ್ದಲ್ಲ, ಜಾಗ ಮುಗಿಯಿತು ಅಷ್ಟೆ.

ಈ ಜಾಗದ ಮಿತಿ ಬಂದದ್ದು ಕಾಗದದ ಅಗಲದಿಂದ. ಪಾಸ್‌ಪೋರ್ಟಿನ ಪುಟ 125 ಮಿಲಿಮೀಟರ್ ಅಗಲ. ಯಂತ್ರಕ್ಕೆಂದೇ ಗೊತ್ತುಮಾಡಿದ ಅಚ್ಚಿನಲ್ಲಿ ಒಂದು ಇಂಚಿಗೆ ಹತ್ತೇ ಅಕ್ಷರ. ಅಂಚು ಬಿಟ್ಟು ಸಾಲಿಗೆ 44 ಅಕ್ಷರ ಹಿಡಿಸುತ್ತದೆ. ಅದರಲ್ಲಿ ಮೊದಲ ಐದು, ಇದು ಪಾಸ್‌ಪೋರ್ಟ್ ಮತ್ತು ಇದನ್ನು ಕೊಟ್ಟ ದೇಶ ಇಂಥದ್ದು ಎಂದು ಹೇಳಲು ಖರ್ಚಾಗುತ್ತವೆ. ಹೆಸರಿಗೆ ಉಳಿಯುವುದು 39. ಪದ ಮತ್ತು ಪದದ ನಡುವಿನ ಖಾಲಿ ಜಾಗಕ್ಕೆ ಒಂದು ಬಾಣದ ಗುರುತು, ಸರ್‌ನೇಮ್ ಮುಗಿಯಿತು ಎನ್ನಲು ಎರಡು. ಊರಿಗೆ 14, ಅಪ್ಪನಿಗೆ 15, ಗುರುತುಗಳಿಗೆ 3 ಹೋದರೆ ಪಾಸ್‌ಪೋರ್ಟಿನ ಯಜಮಾನರಿಗೆ ದಕ್ಕುವುದು ಏಳೇ ಅಕ್ಷರ. ಕ್ರೆಡಿಟ್ ಕಾರ್ಡಿನ ಅಳತೆಯ ಗುರುತಿನ ಚೀಟಿಗಳಿಗೂ ಇದೇ ಅಚ್ಚು. ಅವುಗಳ ಅಗಲ 85.6 ಮಿಲಿಮೀಟರ್ ಆದ್ದರಿಂದ ಸಾಲಿಗೆ 30 ಅಕ್ಷರ ಮಾತ್ರ. ಅಂಥ ಚೀಟಿಯಲ್ಲಾದರೆ ಈ ಹೆಸರಿನ ಊರು ಮತ್ತು ಅಪ್ಪನಿಗೇ 30 ಮುಗಿದುಹೋಗುತ್ತದೆ. ಕನ್ನಡದಲ್ಲಿ ಆರೇ ಅಕ್ಷರಗಳ ಲಕ್ಷ್ಮೀನಾರಾಯಣ, ಇಂಗ್ಲಿಷ್ ಲಿಪಿಗೆ ಹೋದೊಡನೆ ಹದಿನೈದಾಗಿ ಬೆಳೆಯುವುದೂ ಈ ಇಕ್ಕಟ್ಟಿಗೆ ಒಂದು ಕಾರಣ.

ಹೀಗೆ ಕತ್ತರಿಸುವುದು ತಪ್ಪಲ್ಲ, ನಿಯಮವೇ. ಪಾಸ್‌ಪೋರ್ಟುಗಳ ಅಚ್ಚನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ತನ್ನ 9303ನೇ ದಸ್ತಾವೇಜಿನಲ್ಲಿ ಉದ್ದ ಹೆಸರನ್ನು ಹೇಗೆ ಮೊಟಕುಗೊಳಿಸಬೇಕೆಂದು ಮಾದರಿಗಳ ಸಮೇತ ವಿವರಿಸಿದೆ. ಅದರಲ್ಲಿ ಜಾಣತನದ ಒಂದು ಏರ್ಪಾಡಿದೆ. ಹೆಸರು ಚಿಕ್ಕದಾಗಿದ್ದರೆ ಸಾಲಿನ ಕೊನೆ ಬಾಣದ ಗುರುತುಗಳಿಂದ ತುಂಬಿರುತ್ತದೆ. ಕಟ್ಟಕಡೆಯ ಜಾಗದಲ್ಲಿ ಗುರುತಿನ ಬದಲು ಅಕ್ಷರವೇ ಕೂತಿದ್ದರೆ, ಈ ಹೆಸರು ಕತ್ತರಿಸಿದ್ದಿರಬಹುದು, ಮೇಲೆ ನೋಡಿ ಎಂದು ಅರ್ಥ. ಇಮಿಗ್ರೇಶನ್ ಅಧಿಕಾರಿಗೆ ಇದು ಗೊತ್ತಿರುತ್ತದೆ. ಕೆಳಗಿನ ಸಾಲಿನಲ್ಲಿರುವ ತಾಳೆ ಅಂಕಿಗಳು ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ, ಮುಗಿಯುವ ದಿನಾಂಕಗಳಂಥವನ್ನು ಪರೀಕ್ಷಿಸುತ್ತವೆಯೇ ಹೊರತು ಹೆಸರನ್ನು ಮುಟ್ಟುವುದಿಲ್ಲ. ಆದ್ದರಿಂದ ಬಾಲ ತುಂಡಾದ ಮಾತ್ರಕ್ಕೆ ಯಂತ್ರ ಪಾಸ್‌ಪೋರ್ಟನ್ನು ತಿರಸ್ಕರಿಸುವುದಿಲ್ಲ.

ಪಾಸ್‌ಪೋರ್ಟಿಗಿಂತ ಬಿಗಿಯಾದದ್ದು ಬೋರ್ಡಿಂಗ್ ಪಾಸ್. ಅದರ ಮೇಲಿನ ಚೌಕ ಚುಕ್ಕಿಗಳ ಬಾರ್‌ಕೋಡಿನಲ್ಲಿ ಒಂದು ಪಯಣಕ್ಕೆ ಕಡ್ಡಾಯವಾಗಿ ಇರಲೇಬೇಕಾದ ಮಾಹಿತಿ 60 ಅಕ್ಷರ. ಹೊರಡುವ ಊರು, ಸೇರುವ ಊರು, ವಿಮಾನದ ಸಂಖ್ಯೆ, ಸೀಟು, ಪಿಎನ್‌ಆರ್ ಎಲ್ಲಕ್ಕೂ ಹಂಚಿದ ಮೇಲೆ ಹೆಸರಿಗೆ ಸಿಗುವುದು 20. ಸರ್‌ನೇಮ್ ಮತ್ತು ಹೆಸರಿನ ನಡುವಿನ ಓರೆಗೆರೆಯೂ ಆ ಇಪ್ಪತ್ತರೊಳಗೇ ಬರಬೇಕು. ಸರ್‌ನೇಮ್ ಮೊದಲು ಬರುವುದರಿಂದ, ಊರು ಮತ್ತು ಅಪ್ಪ ಎರಡನ್ನೂ ಅಲ್ಲಿ ತುಂಬಿದ ನಮ್ಮ ಪ್ರಯಾಣಿಕರ ಪಾಸಿನಲ್ಲಿ ಹೀಗೆ ಬರಬಹುದು:

```
HOLENARASIPURAVENKAT
```

ಅವರ ಸ್ವಂತ ಹೆಸರಿನ ಒಂದಕ್ಷರವೂ ಇಲ್ಲ. ಪದಗಳ ನಡುವಿನ ಜಾಗವನ್ನು ಎಷ್ಟೋ ವಿಮಾನ ಕಂಪನಿಗಳ ವ್ಯವಸ್ಥೆ ನುಂಗಿಬಿಡುತ್ತದೆ. ಅದೇ ರೀತಿ ಶ್ರೀಯುತ ಎನ್ನುವ MR ಅನ್ನು ಹೆಸರಿನ ಬಾಲಕ್ಕೇ ಅಂಟಿಸುತ್ತದೆ. RAVIMR ಎಂದು ಓದಿದ ರವಿಯವರು, ತಮಗಿಲ್ಲದ ಎಂ.ಆರ್. ಎಂಬ ಇನಿಷಿಯಲ್ ಎಲ್ಲಿಂದ ಬಂತೆಂದು ಗಾಬರಿಯಾದರೆ ಅವರ ತಪ್ಪೇನಿಲ್ಲ. ಕನ್ನಡಿಗರ ಪೈಕಿ ನಿಜವಾಗಿಯೂ ಎಂ.ಆರ್. ಇರುವವರು ಕಡಿಮೆಯೇ?

ಆದರೂ ಇಲ್ಲಿ ಆತಂಕ ಬೇಡ. ಬೋರ್ಡಿಂಗ್ ಪಾಸಿನ ಮೇಲಿನ ಹೆಸರು ಮೂಲ ದಾಖಲೆಯಲ್ಲ. ಪೂರ್ತಿ ಹೆಸರು ಟಿಕೆಟ್ ಬುಕಿಂಗಿನಲ್ಲಿ ಇರುತ್ತದೆ, ಪಾಸಿನ ಪಿಎನ್‌ಆರ್ ಅದಕ್ಕೆ ಕೊಂಡಿ. ತುಂಡಾದ ಹೆಸರುಗಳನ್ನು ಕೌಂಟರಿನವರು ದಿನವೂ ನೋಡುತ್ತಾರೆ. ಮೊಟಕಾದ ಹೆಸರು ಮತ್ತು ತಪ್ಪು ಹೆಸರು ಒಂದೇ ಅಲ್ಲ. ಪಾಸ್‌ಪೋರ್ಟಿನ ಹೆಸರಿನ ಮೊದಲ ಅಕ್ಷರದಿಂದ ಶುರುವಾಗಿ ಎಲ್ಲೋ ನಿಂತಿದ್ದರೆ ಅದು ಮೊಟಕಾದದ್ದು. ನಡುವೆ ಅಕ್ಷರ ಬದಲಾಗಿದ್ದರೆ, ಪದಗಳು ಹಿಂದುಮುಂದಾಗಿದ್ದರೆ ಅದು ತಪ್ಪು. ಈ ಎರಡನೆಯದಕ್ಕೆ ಗೇಟಿನಲ್ಲಿ ತಡೆಯುತ್ತಾರೆ. ಹೆಸರು ಉದ್ದವಾಯಿತೆಂದು ಬುಕ್ ಮಾಡುವಾಗ ತಾವೇ ಎಚ್.ವಿ. ಎಂದು ಚುಟುಕಾಗಿಸುವುದು ಇಂಥ ತಪ್ಪಿಗೆ ದಾರಿ. ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಪೂರ್ತಿ ತುಂಬಿ, ಕತ್ತರಿಸುವ ಕೆಲಸವನ್ನು ಯಂತ್ರಕ್ಕೆ ಬಿಡುವುದೇ ಸರಿ. ವೆಬ್‌ಸೈಟ್ ಅಷ್ಟುದ್ದ ತೆಗೆದುಕೊಳ್ಳದಿದ್ದರೆ ಸರ್‌ನೇಮ್ ಮತ್ತು ಮೊದಲ ಗಿವನ್ ನೇಮ್ ಮುಟ್ಟದೆ, ಉಳಿದ ಪದಗಳನ್ನು ಕೊನೆಯಿಂದ ಬಿಡುತ್ತಾ ಬರಬೇಕು. ಆಮೇಲೆ ಕಂಪನಿಗೆ ಫೋನ್ ಮಾಡಿ ಪೂರ್ತಿ ಹೆಸರನ್ನು ಬುಕಿಂಗಿನ ಟಿಪ್ಪಣಿಯಲ್ಲಿ ಸೇರಿಸಲು ಕೇಳಬಹುದು. ನಿಜಕ್ಕೂ ಕಾಗುಣಿತ ತಪ್ಪಿದ್ದರೆ ತಡಮಾಡಬಾರದು: ಅದೇ ವ್ಯಕ್ತಿಯ ಹೆಸರಿನ ತಪ್ಪನ್ನು ಬುಕ್ ಮಾಡಿದ 24 ಗಂಟೆಯೊಳಗೆ ತಿಳಿಸಿದರೆ ಹೆಚ್ಚುವರಿ ಶುಲ್ಕವಿಲ್ಲದೆ ತಿದ್ದಿಕೊಡಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ.

ಬ್ಯಾಂಕ್ ಕಾರ್ಡಿನ ಕಥೆಯೂ ವಿಮಾನದ ಕಡೆಯದೇ. ಕಾರ್ಡಿನ ಹಿಂದಿರುವ ಕಪ್ಪು ಪಟ್ಟಿಯ ಮೊದಲ ಸಾಲನ್ನು ರೂಪಿಸಿದ್ದು ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ, ಟಿಕೆಟ್ ಕೊಡುವ ಕೆಲಸಕ್ಕೆಂದು. ಆ ಸಾಲಿನಲ್ಲಿ ಒಟ್ಟು 79 ಅಕ್ಷರ, ಹೆಸರಿಗೆ ಹೆಚ್ಚೆಂದರೆ 26. ಚಿಪ್ ಬಂದ ಮೇಲೂ ಹೆಸರಿನ ಮುಖ್ಯ ಜಾಗಕ್ಕೆ ಅದೇ 26 ಉಳಿದುಕೊಂಡಿತು. ಮುಖದ ಮೇಲೆ ಅಚ್ಚು ಹಾಕುವಾಗ ಕೆಲವು ಬ್ಯಾಂಕುಗಳು ಅಷ್ಟನ್ನೂ ಕೊಡುವುದಿಲ್ಲ. ಬ್ಯಾಂಕಿನವರು ಖಾತೆಯ ಹೆಸರನ್ನು ಎಡದಿಂದ ಹಾಗೇ ಕತ್ತರಿಸಿದರೆ HOLENARASIPURA VENKATASUBB ಎಂಬ, ಊರಿಗೂ ಸೇರದ ಮನುಷ್ಯನಿಗೂ ಸೇರದ ಹೆಸರು ಹುಟ್ಟುತ್ತದೆ. ವಿದೇಶದ ಹೋಟೆಲಿನಲ್ಲಿ ಕಾರ್ಡನ್ನೂ ಪಾಸ್‌ಪೋರ್ಟನ್ನೂ ಪಕ್ಕಪಕ್ಕ ಇಟ್ಟು ನೋಡುವ ಗುಮಾಸ್ತನಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟ. ಅರ್ಜಿಯಲ್ಲಿ ಕಾರ್ಡಿನ ಮೇಲೆ ಮುದ್ರಿಸಬೇಕಾದ ಹೆಸರು ಎಂಬ ಅಂಕಣವಿದ್ದರೆ ಅಲ್ಲಿ H V LAKSHMINARAYANA ಎಂದು ಬರೆದರೆ 19 ಅಕ್ಷರದಲ್ಲಿ ಕೆಲಸ ಮುಗಿಯಿತು. ನಮ್ಮ ಹಿರಿಯರ ಇನಿಷಿಯಲ್ ಪದ್ಧತಿ ಇಲ್ಲಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ಚುಕ್ಕಿ ಬೇಡ, ಆದರೆ ಎರಡು ಅಕ್ಷರಗಳ ನಡುವೆ ಜಾಗ ಬೇಕು. HV ಎಂದು ಕೂಡಿಸಿದರೆ ಯಂತ್ರ ಅದನ್ನೇ ಒಂದು ಹೆಸರೆಂದು ತಿಳಿಯುತ್ತದೆ. ಪ್ಯಾನ್ ಕಾರ್ಡಿನ 49ಎ ನಮೂನೆಯೂ ಇದೇ ಬಗೆಯ ಜಾಣ ದಾರಿ ಇಟ್ಟಿತ್ತು: ದಾಖಲೆಗೆ ಪೂರ್ತಿ ಹೆಸರು, ಮುದ್ರಣಕ್ಕೆ ಚುಟುಕು ರೂಪ, ಆದರೆ ಚುಟುಕಿನಲ್ಲೂ ಕೊನೆಯ ಹೆಸರು ಪೂರ್ತಿ ಇರಬೇಕೆಂಬ ಷರತ್ತು.

ಈ ಪಜೀತಿ ನಮ್ಮದೇ ಅಲ್ಲ. ಅಮೆರಿಕದ ಹವಾಯಿ ದ್ವೀಪದ ಮಹಿಳೆಯೊಬ್ಬರಿಗೆ ಗಂಡನ ಕಡೆಯಿಂದ ಬಂದ ಮನೆತನದ ಹೆಸರು ಎಷ್ಟು ಉದ್ದವಿತ್ತೆಂದರೆ, ಚಾಲನಾ ಪರವಾನಗಿಯಲ್ಲಿ ಅದರ ಕೊನೆಯ ಅಕ್ಷರವೂ ಬಿಟ್ಟುಹೋಗಿ, ಅವರ ಸ್ವಂತ ಹೆಸರಿಗೆ ಜಾಗವೇ ಇರಲಿಲ್ಲ. ಅವರು ಪಟ್ಟುಬಿಡದೆ ದೂರಿದ ಮೇಲೆ 2013ರಲ್ಲಿ ಅಲ್ಲಿನ ಸರ್ಕಾರ ಮಿತಿಯನ್ನು 40 ಅಕ್ಷರಕ್ಕೆ ಏರಿಸಿತು. ಒಂದು ರಾಜ್ಯದ ಪರವಾನಗಿ ಆದ್ದರಿಂದ ಅದು ಸಾಧ್ಯವಾಯಿತು. ಲೋಕದ ವಿಮಾನ ನಿಲ್ದಾಣಗಳೆಲ್ಲ ಒಂದೇ ಅಳತೆಗೆ ಒಪ್ಪಿಕೊಂಡಿರುವಲ್ಲಿ ಅಷ್ಟು ಸುಲಭವಲ್ಲ.

ಹಾಗಾದರೆ ಲಕ್ಷ್ಮೀನಾರಾಯಣರು ಪಾಸ್‌ಪೋರ್ಟ್ ಅರ್ಜಿಯಲ್ಲಿ ಏನು ಬರೆಯಬೇಕಿತ್ತು? ಸರ್‌ನೇಮ್ ಅಂಕಣದಲ್ಲಿ ಅಪ್ಪನ ಹೆಸರು ಮಾತ್ರ. ಗಿವನ್ ನೇಮ್ ಅಂಕಣದಲ್ಲಿ ಮೊದಲು ತಮ್ಮ ಹೆಸರು, ಊರನ್ನು ಬಿಡಲು ಮನಸ್ಸಿಲ್ಲದಿದ್ದರೆ ಅದರ ನಂತರ ಊರು. ಆಗ ಬುಡದ ಸಾಲು ಹೀಗಾಗುತ್ತದೆ:

```
P<INDVENKATASUBBARAO<<LAKSHMINARAYANA<HOLENA
```

ಕತ್ತರಿ ಬಿದ್ದದ್ದು ಊರಿಗೆ, ಮನುಷ್ಯ ಇಡಿಯಾಗಿ ಉಳಿದ. ಬೋರ್ಡಿಂಗ್ ಪಾಸಿನಲ್ಲೂ VENKATASUBBARAO/LAKS ಎಂದು ಇಪ್ಪತ್ತಕ್ಕೆ ಸರಿಯಾಗಿ ನಿಲ್ಲುತ್ತದೆ. ಇಲ್ಲೊಂದು ಎಚ್ಚರಿಕೆ: LAKSHMI NARAYANA ಎಂದು ಒಡೆದು ಬರೆದರೆ ಎರಡು ಹೆಸರಾಗಿ, ಯಾವುದೋ ದೇಶದ ಕಚೇರಿಯಲ್ಲಿ ಅವರು ಮತ್ತೆ ಬರೀ ಲಕ್ಷ್ಮಿಯಾಗುವ ಸಂಭವವಿದೆ. ಕೂಡಿಸಿ ಬರೆಯುವುದೋ ಬಿಡಿಸಿ ಬರೆಯುವುದೋ ಎಂಬುದನ್ನು ಒಮ್ಮೆ ತೀರ್ಮಾನಿಸಿ ಎಲ್ಲ ಕಡೆ ಅದನ್ನೇ ಇಟ್ಟುಕೊಳ್ಳಬೇಕು.

ಸರ್‌ನೇಮ್ ಅಂಕಣ ಖಾಲಿ ಬಿಟ್ಟರೆ ಹೇಗೆ ಎಂದು ಕೇಳುವವರಿದ್ದಾರೆ. ಬಿಡಬಹುದು, ಆದರೆ ತೊಂದರೆ ಬೇರೆ ಕಡೆಯಿಂದ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರ್‌ನಲ್ಲಿ ವಿಮಾನ ಕಂಪನಿಗಳಿಗೆ ತಿಳಿಸಿತು. ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂಬ ವಿವರಣೆ ಬಂದದ್ದು ಆಮೇಲೆ. ಅಮೆರಿಕದ ವೀಸಾದಲ್ಲಿ ಒಂಟಿ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಹೆಸರಿನ ಜಾಗದಲ್ಲಿ ಗೊತ್ತಿಲ್ಲ ಎಂಬರ್ಥದ FNU ಹಾಕುತ್ತಾರೆ. ಬ್ಯಾಂಕಿನಿಂದ ವಿಶ್ವವಿದ್ಯಾಲಯದವರೆಗೆ ಅದೇ ಅವರ ಹೆಸರಾಗಿ ಹಬ್ಬುತ್ತದೆ.

ಈಗಾಗಲೇ ಊರು ಮತ್ತು ಅಪ್ಪ ಎರಡನ್ನೂ ಸರ್‌ನೇಮಿಗೆ ತುಂಬಿ ಪಾಸ್‌ಪೋರ್ಟ್ ಮಾಡಿಸಿಕೊಂಡವರು ಅವಸರದಿಂದ ಬದಲಾಯಿಸಹೊರಡಬೇಕಿಲ್ಲ. ಪಾಸ್‌ಪೋರ್ಟೊಂದನ್ನೇ ತಿದ್ದಿಸಿದರೆ ಅದರೊಳಗಿನ ವೀಸಾ, ಬ್ಯಾಂಕ್ ಖಾತೆ, ಪ್ಯಾನ್, ಆಧಾರ್ ಒಂದೊಂದೂ ಬೇರೆಬೇರೆಯಾಗುತ್ತವೆ. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಆದ್ದರಿಂದ ಪಾಸ್‌ಪೋರ್ಟ್ ನವೀಕರಣದ ವರ್ಷ ಹತ್ತಿರವಾಗುವವರೆಗೆ ಕಾದು, ಮೊದಲು ಆಧಾರ್ ಮತ್ತು ಪ್ಯಾನ್‌ನಲ್ಲಿ ಪದಗಳ ಅನುಕ್ರಮ ಸರಿಪಡಿಸಿಕೊಂಡು, ಆ ಚೀಟಿಗಳನ್ನೇ ಪುರಾವೆಯಾಗಿ ಹಿಡಿದು ಪಾಸ್‌ಪೋರ್ಟ್ ಕಚೇರಿಗೆ ಹೋಗುವುದು ಕಡಿಮೆ ಓಡಾಟದ ದಾರಿ.